ಈ ವರ್ಷ ಯಾರಿಗೂ ಕೊಡಬೇಕಿಲ್ಲದ ತೆರಿಗೆಯನ್ನು ಲೆಕ್ಕದಲ್ಲಿ ಏಕೆ ತೋರಿಸಬೇಕು?

ಪ್ರಶ್ನೆ: ಯಂತ್ರದ ಸವಕಳಿಯನ್ನು ನಮ್ಮ ಲೆಕ್ಕಪತ್ರದಲ್ಲಿ ಸಮಾನ ಕಂತುಗಳಲ್ಲಿ ಕಳೆಯುತ್ತೇವೆ, ತೆರಿಗೆ ವಿವರಪಟ್ಟಿಯಲ್ಲಿ ಮೊದಲ ವರ್ಷವೇ ಹೆಚ್ಚು ಕಳೆಯಲು ಅವಕಾಶವಿರುವುದರಿಂದ ತೆರಿಗೆ ಕಡಿಮೆ ಬಂದಿದೆ. ಆದರೂ ಹೆಚ್ಚುವರಿ ತೆರಿಗೆ ವೆಚ್ಚ ಬರೆಯಬೇಕೆನ್ನುತ್ತಾರೆ. ಏಕೆ, ಹೇಗೆ?

ಉತ್ತರ: ಇಂದು ಉಳಿದ ತೆರಿಗೆ ಮನ್ನಾ ಆದದ್ದಲ್ಲ, ಮುಂದಕ್ಕೆ ಹೋದದ್ದು. ಯಂತ್ರದ ಬೆಲೆ 1,00,000, ಆಯುಷ್ಯ 4 ವರ್ಷ, ತೆರಿಗೆ ದರ ಶೇ. 30, ತೆರಿಗೆ ನಿಯಮದಂತೆ ಸವಕಳಿಯು ಇಳಿಕೆ ಮೌಲ್ಯದ ಮೇಲೆ ಶೇ. 40 ಎಂದುಕೊಳ್ಳೋಣ. ಮೊದಲ ವರ್ಷ ಸವಕಳಿಗೆ ಮುಂಚಿನ ಲಾಭ 80,000 ಇದ್ದರೆ, ಲೆಕ್ಕಪತ್ರದ ಲಾಭ 55,000, ತೆರಿಗೆಗೆ ಒಳಪಡುವ ಲಾಭ 40,000, ಕಟ್ಟಬೇಕಾದ ತೆರಿಗೆ 12,000. ವರ್ಷಾಂತ್ಯಕ್ಕೆ ಯಂತ್ರದ ಪುಸ್ತಕ ಮೌಲ್ಯ 75,000, ತೆರಿಗೆ ಮೌಲ್ಯ 60,000. ಮುಂದೆ ತೆರಿಗೆಯಲ್ಲಿ ಕಳೆಯಲು ಸಿಗುವ ಸವಕಳಿ 15,000ದಷ್ಟು ಕಡಿಮೆಯಾಗಿರುವುದರಿಂದ, ಅದರ ಶೇ. 30 ಆದ 4,500 ಈಗಲೇ ಹುಟ್ಟಿಕೊಂಡ ಹೊಣೆ.

ಪ್ರಸಕ್ತ ತೆರಿಗೆ ವೆಚ್ಚ ಖಾತೆ, ಡೆಬಿಟ್ 12,000
ಪಾವತಿಸಬೇಕಾದ ತೆರಿಗೆ ಖಾತೆ, ಕ್ರೆಡಿಟ್ 12,000

ಮುಂದೂಡಿದ ತೆರಿಗೆ ವೆಚ್ಚ ಖಾತೆ, ಡೆಬಿಟ್ 4,500
ಮುಂದೂಡಿದ ತೆರಿಗೆ ಹೊಣೆ ಖಾತೆ, ಕ್ರೆಡಿಟ್ 4,500

ಒಟ್ಟು ವೆಚ್ಚ 16,500 ಆಯಿತು. ಇದು 55,000ದ ನಿಖರವಾಗಿ ಶೇ. 30. ಬೇರಾವ ವ್ಯತ್ಯಾಸವೂ ಇಲ್ಲದಿರುವಾಗ ಈ ಹೊಂದಾಣಿಕೆ ಬಾರದಿದ್ದರೆ ಲೆಕ್ಕದಲ್ಲೆಲ್ಲೋ ತಪ್ಪಿದೆ ಎಂದೇ ತಿಳಿಯಬೇಕು.

ಹೆಚ್ಚಿನವರು ಎಡವುವುದು ಎರಡನೆಯ ವರ್ಷದಲ್ಲಿ. ಆಗ ಪುಸ್ತಕ ಮೌಲ್ಯ 50,000, ತೆರಿಗೆ ಮೌಲ್ಯ 36,000, ವ್ಯತ್ಯಾಸ 14,000. ಆದ್ದರಿಂದ ಇರಬೇಕಾದ ಹೊಣೆ 4,200. ಈ ಮೊತ್ತವನ್ನು ಹೊಸದಾಗಿ ಬರೆದರೆ ಖಾತೆಯ ಶಿಲ್ಕು 8,700ಕ್ಕೆ ಏರುತ್ತದೆ, ಅದು ತಪ್ಪು. ಶಿಲ್ಕಿನಲ್ಲಾದ ಬದಲಾವಣೆಯನ್ನು ಮಾತ್ರ ಬರೆಯಬೇಕು.

ಮುಂದೂಡಿದ ತೆರಿಗೆ ಹೊಣೆ ಖಾತೆ, ಡೆಬಿಟ್ 300
ಮುಂದೂಡಿದ ತೆರಿಗೆ ವೆಚ್ಚ ಖಾತೆ, ಕ್ರೆಡಿಟ್ 300

ಎರಡನೆಯ ವರ್ಷ ಮುಗಿಯುವುದರೊಳಗೆ ಮುಂದಿನ ವರ್ಷಗಳ ದರವನ್ನು ಶೇ. 25ಕ್ಕೆ ಇಳಿಸುವ ಕಾನೂನು ಆಗಿದ್ದರೆ, ಹೊಣೆ 14,000ದ ಶೇ. 25, ಅಂದರೆ 3,500 ಆಗಿ, ಮೇಲಿನ ನಮೂದು 300ರ ಬದಲು 1,000 ಆಗುತ್ತದೆ. ಹೊಣೆಯನ್ನು ಅಳೆಯಬೇಕಾದದ್ದು ವ್ಯತ್ಯಾಸ ತಿರುಗಿ ಬರುವ ಕಾಲದ ದರದಿಂದ, ಅದು ಹುಟ್ಟಿದ ಕಾಲದ ದರದಿಂದಲ್ಲ.

ಮತ್ತೆ ಶೇ. 30ರ ಲೆಕ್ಕಕ್ಕೇ ಬಂದರೆ, ಮೂರನೆಯ ವರ್ಷಾಂತ್ಯಕ್ಕೆ ಹೊಣೆ 1,020ಕ್ಕೆ ಇಳಿಯುತ್ತದೆ. ನಾಲ್ಕನೆಯ ವರ್ಷ ಚಿತ್ರ ಮಗುಚಿಕೊಳ್ಳುತ್ತದೆ: ಪುಸ್ತಕ ಮೌಲ್ಯ ಸೊನ್ನೆಯಾದರೂ ತೆರಿಗೆ ಮೌಲ್ಯ 12,960 ಉಳಿದಿರುತ್ತದೆ, ಏಕೆಂದರೆ ಇಳಿಕೆ ಮೌಲ್ಯದ ಕ್ರಮದಲ್ಲಿ ಶಿಲ್ಕು ಎಂದಿಗೂ ಪೂರ್ತಿ ಕರಗುವುದಿಲ್ಲ. ಹಾಗಾಗಿ ಹೊಣೆ ಅಳಿದು, 3,888ರ ಆಸ್ತಿ ಹುಟ್ಟುತ್ತದೆ.

ಮುಂದೂಡಿದ ತೆರಿಗೆ ಹೊಣೆ ಖಾತೆ, ಡೆಬಿಟ್ 1,020
ಮುಂದೂಡಿದ ತೆರಿಗೆ ಆಸ್ತಿ ಖಾತೆ, ಡೆಬಿಟ್ 3,888
ಮುಂದೂಡಿದ ತೆರಿಗೆ ವೆಚ್ಚ ಖಾತೆ, ಕ್ರೆಡಿಟ್ 4,908

ಆದರೆ ಹೊಣೆಯಂತೆ ಈ ಆಸ್ತಿಯನ್ನು ಕಣ್ಣುಮುಚ್ಚಿ ಬರೆಯುವಂತಿಲ್ಲ. ಉಳಿದ ಸವಕಳಿಯನ್ನು ಕಳೆದುಕೊಳ್ಳಲು ಸಾಕಾಗುವಷ್ಟು ತೆರಿಗೆಯೋಗ್ಯ ಲಾಭ ಮುಂದೆ ಬರುವ ಸಂಭವ ಇದ್ದರೆ ಮಾತ್ರ ಅದಕ್ಕೆ ಲೆಕ್ಕಪತ್ರದಲ್ಲಿ ಸ್ಥಾನ.