ಪದ ಪರಿಚಯ: ಉಲ್ಲೇಖ

ಸರ್ಕಾರಿ ಪತ್ರ ಕೈಗೆ ಬಂದರೆ ನಾವು ಮೊದಲು ನೋಡುವುದು ‘ವಿಷಯ’ ಅನ್ನುವ ಸಾಲನ್ನು. ಆದರೆ ಅದೇ ಪತ್ರ ಕಚೇರಿಯ ಕೇಸ್ ವರ್ಕರ್ ಮೇಜಿಗೆ ಹೋದರೆ ಅವರ ಕಣ್ಣು ಹೋಗುವುದು ಅದರ ಕೆಳಗಿನ ಸಾಲಿಗೆ. ಅದೇ ‘ಉಲ್ಲೇಖ’. ಪತ್ರ ಯಾವುದರ ಬಗ್ಗೆ ಅಂತ ವಿಷಯ ಹೇಳುತ್ತದೆ. ಬೀರುವಿನಿಂದ ಯಾವ ಕಡತ ಎಳೆಯಬೇಕು ಅಂತ ಹೇಳುವುದು ಉಲ್ಲೇಖ.

ಪದ ಸಂಸ್ಕೃತದ್ದು. ‘ಲಿಖ್’ ಅಂದರೆ ಗೀರು, ಬರೆ. ಮಾತಿನಲ್ಲಿ ನಾವು ಇದನ್ನು ಸಡಿಲವಾಗಿ ಬಳಸುತ್ತೇವೆ. ‘ಭಾಷಣದಲ್ಲಿ ನಮ್ಮೂರಿನ ಕೆರೆಯನ್ನು ಉಲ್ಲೇಖಿಸಿದರು’ ಅಂದರೆ ಅದರ ಹೆಸರು ಎತ್ತಿದರು ಅಂತ ಅಷ್ಟೇ. ಕಚೇರಿಯಲ್ಲಿ ಅರ್ಥ ಬಿಗಿಯಾಗುತ್ತದೆ. ಈ ಪತ್ರ ಬರೆಯಲು ಕಾರಣವಾದ, ಇದಕ್ಕಿಂತ ಮೊದಲೇ ಹುಟ್ಟಿದ ಕಾಗದವೇ ಉಲ್ಲೇಖ. ಆ ಕಾಗದ ಯಾರದ್ದು, ಅದರ ಸಂಖ್ಯೆ ಏನು, ದಿನಾಂಕ ಏನು? ಈ ಮೂರೂ ಇರಬೇಕು. ಒಂದು ತಪ್ಪಿದರೂ ಹುಡುಕುವವರಿಗೆ ಕಷ್ಟ. ಹಿಂದಿನ ಕಾಗದವೇ ಇಲ್ಲದಿದ್ದರೆ, ಅಂದರೆ ನೀವು ಬರೆಯುತ್ತಿರುವುದೇ ಮೊದಲ ಪತ್ರವಾದರೆ, ಉಲ್ಲೇಖದ ಸಾಲೇ ಬೇಡ. ಸುಮ್ನೆ ‘ಉಲ್ಲೇಖ: ಇಲ್ಲ’ ಅಂತ ಬರೆಯುವವರೂ ಇದ್ದಾರೆ. ಅದರಿಂದ ಏನೂ ಉಪಯೋಗವಿಲ್ಲ.

ಸಂಖ್ಯೆ ಅಂದೆನಲ್ಲ, ಅದೂ ಬರೀ ಅಂಕಿಯಲ್ಲ. ವಿಧಾನಸೌಧದ ಕಡೆಯಿಂದ ಬರುವ ಕಾಗದದ ಮೇಲೆ ‘ಆಇ’ ಎಂದು ಶುರುವಾದರೆ ಆರ್ಥಿಕ ಇಲಾಖೆ, ‘ಕಂಇ’ ಎಂದಿದ್ದರೆ ಕಂದಾಯ ಇಲಾಖೆ, ‘ಸಿಆಸುಇ’ ಎಂದಿದ್ದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಆಮೇಲೆ ಆ ವರ್ಷದ ಕಡತದ ಕ್ರಮಾಂಕ, ಶಾಖೆ ಅಥವಾ ವಿಷಯವನ್ನು ಹೇಳುವ ಅಕ್ಷರಗಳು, ಕೊನೆಗೆ ಇಸವಿ. ಇಷ್ಟರಲ್ಲಿ ಒಂದಕ್ಷರ ನುಂಗಿದರೂ ಬೇರೆ ಶಾಖೆಯ ಬಾಗಿಲು ತಟ್ಟಿದ ಹಾಗೆ. ಅದಕ್ಕೇ ಸಂಖ್ಯೆಯನ್ನು ಇದ್ದ ಹಾಗೇ ಇಳಿಸಬೇಕು, ಬಿಡಿಸಿ ಬರೆಯಲು ಹೋಗಬಾರದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ಎಡವಟ್ಟು ಮಾಡಿದ್ದೆ. ಬೇರೆ ಕಚೇರಿಯ ಪತ್ರಕ್ಕೆ ಉತ್ತರ ಬರೆಯಬೇಕಿತ್ತು. ಪತ್ರದ ಮೇಲೆ ನೇರಳೆ ಮೊಹರಿನೊಳಗೆ ದೊಡ್ಡದಾಗಿ ಒಂದು ನಂಬರು ಕಾಣಿಸಿತು, ಪಕ್ಕದಲ್ಲೇ ದಿನಾಂಕವೂ ಇತ್ತು. ಅದನ್ನೇ ಉಲ್ಲೇಖಕ್ಕೆ ಹಾಕಿ ಕಳಿಸಿದೆ. ಎರಡು ವಾರಕ್ಕೆ ‘ಉಲ್ಲೇಖಿತ ಪತ್ರವು ಈ ಕಚೇರಿಯಿಂದ ಹೊರಟಿರುವುದಿಲ್ಲ’ ಅಂತ ವಾಪಸು ಬಂತು. ನಮ್ಮ ಅಧೀಕ್ಷಕರು ನಕ್ಕು, ‘ಅದು ಅವರ ನಂಬರ್ ಅಲ್ಲಪ್ಪ, ನಮ್ಮ ಟಪಾಲಿನವರು ಹೊಡೆದ ಮೊಹರು’ ಅಂದರು. ನಮಗೆ ಬಂದ ದಿನ, ನಮ್ಮ ಸ್ವೀಕೃತಿ ಸಂಖ್ಯೆ ಅವರಿಗೆ ಹೇಗೆ ಗೊತ್ತಾಗಬೇಕು? ಉತ್ತರ ಬರೆಯುವಾಗ ಬೇಕಾದದ್ದು ಅವರ ಪತ್ರದ ಮೇಲ್ತುದಿಯಲ್ಲಿ ಅವರೇ ಅಚ್ಚು ಮಾಡಿದ ಸಂಖ್ಯೆ ಮತ್ತು ದಿನಾಂಕ. ಇವತ್ತಿಗೂ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಒಂದು ಪತ್ರವನ್ನು ಪೂರ್ತಿ ನೋಡೋಣ. ಒಂದು ಸರ್ಕಾರಿ ಪ್ರೌಢಶಾಲೆಯ ಎರಡು ಕೊಠಡಿ ಸೋರುತ್ತಿವೆ ಅಂದುಕೊಳ್ಳಿ. ಮುಖ್ಯ ಶಿಕ್ಷಕರು ಜೂನ್‌ನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದರು. ಅಲ್ಲಿಂದ ‘ಫೋಟೊ ಮತ್ತು ಅಂದಾಜು ಪಟ್ಟಿ ಕಳಿಸಿ’ ಅಂತ ಉತ್ತರ ಬಂತು. ಈಗ ಎರಡನೇ ಪತ್ರ. ಹೆಸರು, ಸಂಖ್ಯೆ ಎಲ್ಲ ಉದಾಹರಣೆಗೆ ಮಾತ್ರ.

ಸಂಖ್ಯೆ: ಸಪ್ರೌಶಾ/ಕಟ್ಟಡ/21/2024-25
ದಿನಾಂಕ: 03-07-2024

ಇವರಿಗೆ,
ಕ್ಷೇತ್ರ ಶಿಕ್ಷಣಾಧಿಕಾರಿಗಳು,
(ತಾಲ್ಲೂಕಿನ ಹೆಸರು)

ಮಾನ್ಯರೆ,

ವಿಷಯ: ಶಾಲೆಯ 2 ಕೊಠಡಿಗಳ ಚಾವಣಿ ದುರಸ್ತಿ ಕುರಿತು.
ಉಲ್ಲೇಖ: 1. ಈ ಕಚೇರಿಯ ಪತ್ರ ಸಂಖ್ಯೆ: ಸಪ್ರೌಶಾ/ಕಟ್ಟಡ/17/2024-25, ದಿನಾಂಕ: 12-06-2024.
2. ತಮ್ಮ ಪತ್ರ ಸಂಖ್ಯೆ: ಕ್ಷೇಶಿಅ/ಯೋಜನೆ/58/2024-25, ದಿನಾಂಕ: 24-06-2024.

\* \* \*

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (1)ರ ಪತ್ರದಲ್ಲಿ ಕೊಠಡಿಗಳ ದುರಸ್ತಿಗೆ ಕೋರಲಾಗಿತ್ತು. ಉಲ್ಲೇಖ (2)ರಲ್ಲಿ ತಾವು ಕೇಳಿರುವಂತೆ 4 ಫೋಟೊಗಳನ್ನು ಮತ್ತು ಅಂದಾಜು ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದೆ. ದುರಸ್ತಿಗೆ ಮುಂದಿನ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ.

ತಮ್ಮ ನಂಬುಗೆಯ,
(ಸಹಿ)
ಮುಖ್ಯ ಶಿಕ್ಷಕರು

ಲಗತ್ತು: ಮೇಲಿನಂತೆ

ಉಲ್ಲೇಖದ ಕ್ರಮ ನೋಡಿ. ಹಳೆಯದು ಮೊದಲು, ಹೊಸದು ಆಮೇಲೆ. ಓದುವವರಿಗೆ ವ್ಯವಹಾರ ನಡೆದ ದಾರಿ ಹಾಗೇ ಕಾಣುತ್ತದೆ. ಇನ್ನೊಂದು, ಮೇಲೆ ಕೊಟ್ಟ ಎರಡೂ ಉಲ್ಲೇಖಗಳು ಒಡಲಿನಲ್ಲಿ ಮತ್ತೆ ಬಂದಿವೆ. ಇದು ಸರಿಯಾದ ಪತ್ರದ ಗುರುತು. ಏಳೆಂಟು ಉಲ್ಲೇಖ ಪೇರಿಸಿ, ಒಡಲಿನಲ್ಲಿ ಒಂದನ್ನೂ ಮುಟ್ಟದ ಪತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಡಲಿನಲ್ಲಿ ಕೆಲಸವಿಲ್ಲದ ಉಲ್ಲೇಖವನ್ನು ಹೊಡೆದುಹಾಕುವುದೇ ಒಳ್ಳೆಯದು. ಇನ್ನು ಸಾಹೇಬರು ಫೋನ್ ಮಾಡಿ ಹೇಳಿದ್ದಕ್ಕೆ ಕಾಗದವೇ ಇರುವುದಿಲ್ಲ ಅಲ್ವಾ? ಆಗ ‘ತಮ್ಮ ದೂರವಾಣಿ ಸೂಚನೆ, ದಿನಾಂಕ: ಇಷ್ಟು’ ಎಂದು ಬರೆಯುವುದು ರೂಢಿ. ಬಾಯಿಮಾತಿಗೂ ಹೀಗೆ ಒಂದು ದಿನಾಂಕ ಬೀಳುತ್ತದೆ. ಜಾಣ ಕೇಸ್ ವರ್ಕರ್‌ಗಳು ಇದನ್ನು ಯಾವತ್ತೂ ಬಿಡುವುದಿಲ್ಲ.

ಉಲ್ಲೇಖದ ಮೇಲಿರುವ ‘ಮಾನ್ಯರೆ’ ನಮ್ಮ ಭಾಷೆಯ ಅನುಕೂಲ. ಅಧಿಕಾರಿ ಗಂಡಸೋ ಹೆಂಗಸೋ ತಿಳಿಯದಿದ್ದರೂ ನಡೆಯುತ್ತದೆ. ‘ಮಾನ್ಯರೆ/ಮಾನ್ಯೆಯವರೆ’ ಎಂದು ಗೀಟು ಹಾಕಿ ಬರೆಯುವ ಅಗತ್ಯವಿಲ್ಲ. ಕೊನೆಗೆ ‘ತಮ್ಮ ನಂಬುಗೆಯ’ ಬಂದರೆ ಅದು ಕಚೇರಿಯಿಂದ ಕಚೇರಿಗೆ ಹೋಗುವ ಪತ್ರ. ಅರೆ ಸರ್ಕಾರಿ ಪತ್ರದ ಸ್ವಭಾವ ಬೇರೆ. ಅದು ಹುದ್ದೆಗಲ್ಲ, ಹುದ್ದೆಯಲ್ಲಿರುವ ವ್ಯಕ್ತಿಗೆ ಹೆಸರು ಹಿಡಿದು ಬರೆದದ್ದು. ಅಲ್ಲಿ ‘ಆತ್ಮೀಯ ಶ್ರೀ ಇಂಥವರೆ’ ಎಂದು ಶುರು ಮಾಡಿ ‘ತಮ್ಮ ವಿಶ್ವಾಸಿ’ ಎಂದು ಮುಗಿಸುತ್ತಾರೆ. ಈಚೆಗೆ ಎರಡೂ ಕಡೆ ‘ತಮ್ಮ ವಿಶ್ವಾಸಿ’ ಓಡಾಡುತ್ತಿದೆ. ಅದಕ್ಕೆ ಯಾರೂ ಪತ್ರ ವಾಪಸು ಮಾಡುವುದಿಲ್ಲ. ಆದರೂ ವ್ಯತ್ಯಾಸ ಉಳಿಸಿಕೊಂಡರೆ ಚೆನ್ನ ಅಂತ ನನ್ನ ಅನಿಸಿಕೆ. ಜ್ಞಾಪನ, ಸುತ್ತೋಲೆಗಳಲ್ಲಿ ಮಾನ್ಯರೆಯೂ ಇಲ್ಲ, ನಂಬುಗೆಯೂ ಇಲ್ಲ. ನೇರವಾಗಿ ವಿಷಯ, ಉಲ್ಲೇಖ, ಒಡಲು, ಸಹಿ.

ಕ್ರಿಯಾಪದದಲ್ಲೂ ಮೇಲೆ ಕೆಳಗೆ ಇದೆ. ಮೇಲಿನವರಿಗೆ ‘ಕೋರುತ್ತೇನೆ’, ಸಮಾನರಿಗೆ ‘ಕೋರಲಾಗಿದೆ’, ಕೈಕೆಳಗಿನವರಿಗೆ ‘ಸೂಚಿಸಲಾಗಿದೆ’. ಮುಖ್ಯ ಶಿಕ್ಷಕರು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ‘ಸೂಚಿಸಲಾಗಿದೆ’ ಎಂದು ಬರೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಚಿವಾಲಯದ ಅಧೀನ ಕಾರ್ಯದರ್ಶಿಗಳ ಪತ್ರದಲ್ಲಿ ‘ತಿಳಿಸಲು ನಿರ್ದೇಶಿಸಲ್ಪಟ್ಟಿದ್ದೇನೆ’ ಎಂದು ಬರುತ್ತದೆ. ಕನ್ನಡಕ್ಕೆ ಆ ವಾಕ್ಯ ಸ್ವಲ್ಪ ಭಾರ, ನಿಜ. ಆದರೆ ಕಾರಣವಿದೆ. ನಿರ್ಧಾರ ಅವರದ್ದಲ್ಲ, ಸರ್ಕಾರದ್ದು. ಅವರು ಅದನ್ನು ಮುಟ್ಟಿಸುತ್ತಿದ್ದಾರೆ ಅಷ್ಟೇ.

ಇನ್ನು ಆದೇಶಕ್ಕೆ ಬರೋಣ. ಇಲ್ಲಿ ಉಲ್ಲೇಖ ವೇಷ ಬದಲಿಸುತ್ತದೆ. ಸರ್ಕಾರದ ಆದೇಶದ ನೆತ್ತಿಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಕೆಳಗೆ ವಿಷಯ. ಅದರ ಕೆಳಗೆ ಉಲ್ಲೇಖದ ಜಾಗದಲ್ಲಿ ‘ಓದಲಾಗಿದೆ’ ಎಂಬ ಒಂದು ಪದ, ಮುಂದೆ ಕಾಗದಗಳ ಪಟ್ಟಿ. ಈ ನಿರ್ಧಾರಕ್ಕೆ ಬರುವ ಮೊದಲು ಇವನ್ನೆಲ್ಲ ನೋಡಲಾಗಿದೆ ಎಂಬುದಕ್ಕೆ ಅದು ಸಾಕ್ಷಿ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ‘ಏನನ್ನು ನೋಡಿ ಹೀಗೆ ಆದೇಶಿಸಿದಿರಿ?’ ಎಂಬ ಪ್ರಶ್ನೆಗೆ ಮೊದಲ ಉತ್ತರ ಈ ಪಟ್ಟಿಯೇ. ಆಮೇಲೆ ‘ಪ್ರಸ್ತಾವನೆ’. ಓದಿದ ಕಾಗದಗಳಲ್ಲಿ ಏನಿತ್ತು ಅಂತ ಒಂದೊಂದಾಗಿ ಹೇಳುವ ಭಾಗ ಅದು. ಅದು ಮುಗಿದ ಮೇಲೆ ಆದೇಶದ ಸಂಖ್ಯೆ, ಸ್ಥಳ, ದಿನಾಂಕ. ಅದರ ಕೆಳಗಿನ ಒಂದೆರಡು ಪ್ಯಾರಾ ಮಾತ್ರ ನಿಜವಾದ ಆದೇಶ. ಹಣದ ವಿಚಾರವಾದರೆ ಆರ್ಥಿಕ ಇಲಾಖೆಯ ಸಹಮತಿಯ ಟಿಪ್ಪಣಿ ಸಂಖ್ಯೆ, ದಿನಾಂಕಗಳೂ ಕೊನೆಯಲ್ಲಿ ಬರುತ್ತವೆ. ಅದೂ ಒಂದು ಉಲ್ಲೇಖವೇ, ಜಾಗ ಬೇರೆ.

ಸಹಿಯ ಮೇಲೆ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು ಇರುತ್ತದೆ. ಇದು ಅಲಂಕಾರವಲ್ಲ. ರಾಜ್ಯ ಸರ್ಕಾರದ ಕಾರ್ಯಾಂಗದ ಕ್ರಮಗಳೆಲ್ಲ ರಾಜ್ಯಪಾಲರ ಹೆಸರಿನಲ್ಲಿ ಆಗಬೇಕು ಎಂದು ಸಂವಿಧಾನದ 166ನೇ ವಿಧಿ ಹೇಳುತ್ತದೆ. ಈ ಸಾಲು ಬಂದದ್ದು ಅಲ್ಲಿಂದ. ಹಾಗಾಗಿ ಇದನ್ನು ಎಲ್ಲೆಂದರಲ್ಲಿ ಹಾಕುವಂತಿಲ್ಲ. ತಹಶೀಲ್ದಾರರೋ ಜಿಲ್ಲಾ ಮಟ್ಟದ ಅಧಿಕಾರಿಯೋ ತಮ್ಮ ಅಧಿಕಾರದಲ್ಲಿ ಹೊರಡಿಸುವ ಆದೇಶದಲ್ಲಿ ಯಾವ ಕಾಯ್ದೆಯ, ಯಾವ ನಿಯಮದ ಪ್ರಕಾರ ತಮಗೆ ಆ ಅಧಿಕಾರ ಬಂದಿದೆ ಅಂತ ಹೇಳಿ, ತಮ್ಮ ಹುದ್ದೆಯ ಹೆಸರಲ್ಲೇ ಸಹಿ ಹಾಕುತ್ತಾರೆ. ಹಳೆಯ ಸರ್ಕಾರಿ ಆದೇಶವನ್ನು ಮಾದರಿಗೆ ಇಟ್ಟುಕೊಂಡು ಟೈಪ್ ಮಾಡುವಾಗ ರಾಜ್ಯಪಾಲರ ಸಾಲೂ ಅಂಟಿಕೊಂಡು ಬರುವುದುಂಟು. ಸಹಿಗೆ ಇಡುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳಬೇಕು.

ಸಹಿಯ ಕೆಳಗೆ ‘ಪ್ರತಿ’. ಯಾರು ಯಾರಿಗೆ ಆದೇಶ ಹೋಯಿತು ಎಂಬ ಪಟ್ಟಿ, ಕೊನೆಯಲ್ಲಿ ‘ಶಾಖಾ ರಕ್ಷಾ ಕಡತ’ ಮತ್ತು ‘ಹೆಚ್ಚುವರಿ ಪ್ರತಿಗಳು’. ನಮ್ಮ ಮುಖ್ಯ ಶಿಕ್ಷಕರ ಶಾಲೆಗೆ ದುರಸ್ತಿಯ ಮಂಜೂರಾತಿ ಸಿಕ್ಕಿತು ಅಂದುಕೊಳ್ಳಿ. ಆದೇಶದ ಉಲ್ಲೇಖದ ಪಟ್ಟಿಯಲ್ಲಿ ಅವರ ಜುಲೈ 3ರ ಪತ್ರ ಎಲ್ಲೋ ಒಂದು ಕಡೆ ಕೂತಿರುತ್ತದೆ, ‘ಪ್ರತಿ’ಯಲ್ಲಿ ಅವರ ಶಾಲೆಯ ಹೆಸರೂ ಇರುತ್ತದೆ. ಮಳೆಗಾಲ ಮುಗಿದರೂ ಕೆಲಸ ಶುರುವಾಗಲಿಲ್ಲ. ಈಗ ಅವರು ಒಂದು ನೆನಪೋಲೆ ಬರೆಯಬೇಕು. ವಿಷಯ ಅದೇ. ಉಲ್ಲೇಖದಲ್ಲಿ ಮೊದಲಿನ ಎರಡು, ಜುಲೈ 3ರ ತಮ್ಮ ಪತ್ರ, ಮತ್ತು ನಾಲ್ಕನೆಯದಾಗಿ ಮಂಜೂರಾತಿ ಆದೇಶದ ಸಂಖ್ಯೆ ಹಾಗೂ ದಿನಾಂಕ.