ಸೊನ್ನೆಯವರೆಗೂ ಎಳೆದ ಗೆರೆ

ನೂರು ಜನರಿಗೆ ತಲಾ 100 ಮಿಲಿಸೀವರ್ಟ್ ವಿಕಿರಣ ತಾಗಿತು ಎಂದುಕೊಳ್ಳಿ. ಬೇರೆ ಕಾರಣಗಳಿಂದಲೇ ಅವರಲ್ಲಿ ಸುಮಾರು 42 ಜನರಿಗೆ ಬದುಕಿನಲ್ಲಿ ಎಂದಾದರೂ ಕ್ಯಾನ್ಸರ್ ಬರುತ್ತದೆ, ಈ ವಿಕಿರಣದಿಂದ ಇನ್ನೊಬ್ಬರಿಗೆ ಬರಬಹುದು. ಇದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2006ರಲ್ಲಿ ಕೊಟ್ಟ ಅಂದಾಜು. ವಿಕಿರಣ ಹತ್ತರಲ್ಲೊಂದಾದರೆ ಅಪಾಯವೂ ಹತ್ತರಲ್ಲೊಂದು, ಅಂದರೆ ಸಾವಿರಕ್ಕೆ ಒಬ್ಬರು. ಎಷ್ಟು ಕಡಿಮೆಯಾದರೂ ಅಪಾಯ ಸೊನ್ನೆಯಾಗುವುದಿಲ್ಲ. ಮಿತಿಯಿಲ್ಲದ ಸರಳರೇಖೆಯ ಮಾದರಿ ಹೇಳುವುದು ಇಷ್ಟೇ.

ಇದರ ಬೇರು ಹಣ್ಣುನೊಣಗಳಲ್ಲಿದೆ. ಎಕ್ಸ್‌-ರೇ ತಾಗಿದ ನೊಣಗಳ ಸಂತತಿಯಲ್ಲಿ ವಂಶವಾಹಿಗಳು ಬದಲಾಗುವುದನ್ನು ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದರು. 1956ರಲ್ಲಿ ಅಮೆರಿಕದ ಅಕಾಡೆಮಿಯ ತಳಿವಿಜ್ಞಾನ ಸಮಿತಿ, ವಂಶವಾಹಿಗಳಿಗೆ ಆಗುವ ಹಾನಿಗೆ ಸುರಕ್ಷಿತ ಮಿತಿಯೆಂಬುದಿಲ್ಲ ಎಂದಿತು. ಮುಂದೆ ಅದೇ ತರ್ಕ ಕ್ಯಾನ್ಸರಿಗೂ ಹರಡಿತು. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರ ದಶಕಗಳ ಅಧ್ಯಯನ ಅದಕ್ಕೆ ಆಧಾರ ಒದಗಿಸಿತು.

ತರ್ಕ ಬಲವಾದದ್ದೇ. ವಿಕಿರಣ ತೀರಾ ಕಡಿಮೆಯಿದ್ದಾಗ ಒಂದು ಜೀವಕೋಶದ ಮೂಲಕ ವಿಕಿರಣದಿಂದ ಚಿಮ್ಮಿದ ಹೆಚ್ಚೆಂದರೆ ಒಂದು ಎಲೆಕ್ಟ್ರಾನ್ ಹಾದುಹೋಗುತ್ತದೆ. ಪ್ರಮಾಣ ಅರ್ಧವಾದರೆ ಏಟು ತಿನ್ನುವ ಕೋಶಗಳು ಅರ್ಧವಾಗುತ್ತವೆ, ಆದರೆ ಒಂದೊಂದು ಏಟಿನ ತೀವ್ರತೆ ಕುಗ್ಗುವುದಿಲ್ಲ. ಆ ಒಂದು ಏಟಿಗೇ ಡಿಎನ್‌ಎಯ ಎರಡೂ ಎಳೆ ತುಂಡಾಗಬಹುದು.

ಏಟು ಬಿದ್ದ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ ಎನ್ನುತ್ತಾರೆ ವಿರೋಧಿಗಳು. ಕೋಶ ತನ್ನ ಡಿಎನ್‌ಎಯನ್ನು ಸರಿಪಡಿಸಿಕೊಳ್ಳುತ್ತದೆ, ಸರಿಯಾಗದಿದ್ದರೆ ತಾನೇ ಸಾಯುತ್ತದೆ. ಈ ರಕ್ಷಣೆ ಕಡಿಮೆ ವಿಕಿರಣದಲ್ಲಿ ಹೆಚ್ಚು ಚೆನ್ನಾಗಿ ನಡೆಯುವುದರಿಂದ ಗೆರೆ ನೇರವಾಗಿರಲಾರದು ಎಂಬ ನೆಲೆಯಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ 2005ರಲ್ಲಿ ಮಾದರಿಯನ್ನು ಪ್ರಶ್ನಿಸಿತು. ಕೇರಳದ ಕರುನಾಗಪಳ್ಳಿಯ ಮರಳಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ಸಹಜ ವಿಕಿರಣ ಹೆಚ್ಚು. ಆದರೂ 2009ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಅಲ್ಲಿನವರಲ್ಲಿ ಹೆಚ್ಚುವರಿ ಕ್ಯಾನ್ಸರ್ ಕಾಣಲಿಲ್ಲ.

ಕಾಣಲಿಲ್ಲ ಎಂದರೆ ಇಲ್ಲ ಎಂದಾಗುವುದೇ? ನನ್ನ ಮಟ್ಟಿಗೆ ಜಗಳದ ಗಂಟು ಇಲ್ಲಿದೆ. ಸಾವಿರಕ್ಕೆ 420 ಇದ್ದದ್ದು 421 ಆದರೆ ಅದನ್ನು ಗುರುತಿಸುವುದು ಹೇಗೆ? ವಿಕಿರಣ ಹತ್ತು ಪಟ್ಟು ಕಡಿಮೆಯಾದರೆ ಅಧ್ಯಯನಕ್ಕೆ ಬೇಕಾಗುವ ಜನ ಸುಮಾರು ನೂರು ಪಟ್ಟು ಹೆಚ್ಚುತ್ತಾರೆ. ಧೂಮಪಾನದಂಥ ಅಭ್ಯಾಸಗಳಲ್ಲಿನ ಚಿಕ್ಕ ವ್ಯತ್ಯಾಸವೂ ಲೆಕ್ಕವನ್ನು ಕೆಡಿಸೀತು. ಇನ್ನೊಂದೆಡೆ ಫ್ರಾನ್ಸ್, ಬ್ರಿಟನ್ ಮತ್ತು ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ಅಣು ಉದ್ಯಮದ ಕೆಲಸಗಾರರನ್ನು ಕುರಿತ 2023ರ ವರದಿ, ವರ್ಷಗಳಲ್ಲಿ ಒಟ್ಟಾದ ಕಡಿಮೆ ವಿಕಿರಣದಿಂದಲೂ ಕ್ಯಾನ್ಸರ್ ಸಾವು ಹೆಚ್ಚುತ್ತದೆ ಎಂದಿತು.

ಆದರೆ ಈ ಮಾದರಿಯಿಂದ ಸಾವುಗಳನ್ನು ಎಣಿಸಹೊರಟರೆ ತಪ್ಪಾಗುತ್ತದೆ. ಒಂದು ಕೋಟಿ ಜನರಿಗೆ ತಲಾ 0.01 ಮಿಲಿಸೀವರ್ಟ್ ತಾಗಿದರೆ ಗುಣಾಕಾರದ ಪ್ರಕಾರ ಹತ್ತು ಜನರಿಗೆ ಕ್ಯಾನ್ಸರ್ ಬರಬೇಕು. ಆ ಹತ್ತರ ಹಿಂದೆ ಅಳತೆಯೇನೂ ಇಲ್ಲ. ಇಂಥ ಲೆಕ್ಕ ಸರಿಯಲ್ಲವೆಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2007ರಲ್ಲಿ ಹೇಳಿತು, ಆದರೆ ಕೆಲಸಗಾರರ ರಕ್ಷಣೆಯ ನಿಯಮಗಳಿಗೆ ಅದೇ ಗೆರೆಯನ್ನು ಉಳಿಸಿಕೊಂಡಿತು. ಮಾದರಿಯನ್ನು ಕೈಬಿಡಬೇಕೆಂದು 2015ರಲ್ಲಿ ಬಂದ ಅರ್ಜಿಗಳನ್ನು ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2021ರಲ್ಲಿ ತಳ್ಳಿಹಾಕಿತು.