ಡಬ್ಬಿಯ ಮೇಲಿನ ನಾರು, ತಟ್ಟೆಯೊಳಗಿನ ನಾರು

ಚಿತ್ರದುರ್ಗದಲ್ಲಿರುವ ನನ್ನ ಚಿಕ್ಕಮ್ಮ ಮಲಬದ್ಧತೆಗೆಂದು ಕಳೆದ ತಿಂಗಳು 480 ರೂಪಾಯಿ ಕೊಟ್ಟು ನಾರಿನ ಗಮ್ಮಿಗಳ, ಅಂದರೆ ಅಗಿದು ತಿನ್ನುವ ಮೆತ್ತನೆಯ ಸಿಹಿ ಗುಳಿಗೆಗಳ, ಡಬ್ಬಿಯೊಂದನ್ನು ತಂದರು. ಡಬ್ಬಿಯ ಮುಂಭಾಗದಲ್ಲಿ ‘ಅಧಿಕ ನಾರು’ ಎಂದು ದೊಡ್ಡದಾಗಿ ಬರೆದಿತ್ತು. ಅದು ಸುಳ್ಳಲ್ಲ. 100 ಗ್ರಾಂ ಘನ ಆಹಾರದಲ್ಲಿ 6 ಗ್ರಾಂ ನಾರಿದ್ದರೆ ಹಾಗೆ ಬರೆಯಲು ನಿಯಮ ಒಪ್ಪುತ್ತದೆ, ಈ ಗಮ್ಮಿಯಲ್ಲಿ 30 ಗ್ರಾಂ ಇತ್ತು. ಆದರೆ 100 ಗ್ರಾಂ ಎಂದರೆ ಇಪ್ಪತ್ತು ಗಮ್ಮಿ. ಹಿಂಬದಿಯ ಸಣ್ಣ ಅಕ್ಷರಗಳ ಪ್ರಕಾರ ದಿನದ ಪ್ರಮಾಣ ಎರಡೇ ಗಮ್ಮಿ, ಅದರಲ್ಲಿ 3 ಗ್ರಾಂ ನಾರು, 3 ಗ್ರಾಂ ಸಕ್ಕರೆ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 30 ಗ್ರಾಂ ನಾರು.

ಆದ್ದರಿಂದ ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದುದು ಒಂದು ಬಾರಿಯ ಪ್ರಮಾಣದಲ್ಲಿ ಎಷ್ಟು ನಾರಿದೆ ಎಂಬುದನ್ನು. ಅದರಿಂದ ಬೆಲೆಯೂ ಬಯಲಾಗುತ್ತದೆ. ಡಬ್ಬಿಯಲ್ಲಿದ್ದುದು 30 ಗಮ್ಮಿ, ಅಂದರೆ ಹದಿನೈದು ದಿನಕ್ಕೆ ಒಟ್ಟು 45 ಗ್ರಾಂ ನಾರು; ಗ್ರಾಂಗೆ ಹತ್ತು ರೂಪಾಯಿಗೂ ಹೆಚ್ಚು. ಅದೇ ಅಂಗಡಿಯಲ್ಲಿ 160 ರೂಪಾಯಿಗೆ ಸಿಕ್ಕ 100 ಗ್ರಾಂ ಇಸಬ್ಗೋಲಿನ ಹೊಟ್ಟಿನಲ್ಲಿ ಸುಮಾರು 80 ಗ್ರಾಂ ನಾರಿದೆ. ಗ್ರಾಂಗೆ ಎರಡು ರೂಪಾಯಿ. ಕಿಲೋಗೆ 45 ರೂಪಾಯಿಯ ರಾಗಿಯಲ್ಲಿ ಸುಮಾರು 110 ಗ್ರಾಂ ನಾರಿದ್ದು, ಗ್ರಾಂಗೆ ಐವತ್ತು ಪೈಸೆಯೂ ಬೀಳುವುದಿಲ್ಲ, ಹಸಿವೂ ನೀಗುತ್ತದೆ. ಜರಡಿ ಹಿಡಿಯದ 100 ಗ್ರಾಂ ಹಿಟ್ಟಿನ ಮುದ್ದೆಯೊಂದರಲ್ಲಿ 11 ಗ್ರಾಂ ನಾರು ಸಿಗುತ್ತದೆ. ಹುರುಳಿ ಸಾರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಬಸಿದ ಕಟ್ಟಿನಲ್ಲಿ ರುಚಿಯಿದೆ, ನಾರಿನ ಬಹುಪಾಲು ಉಳಿಯುವುದು ಕಾಳಿನಲ್ಲಿ. ಕಾಳನ್ನು ಪಲ್ಯ ಮಾಡಿ ತಿಂದರೆ ಲೆಕ್ಕಕ್ಕೆ ಬಂತು.

ಇನ್ನು ನಾರಿನ ಜಾತಿಯ ಮಾತು. ಆ ಗಮ್ಮಿಗಳಲ್ಲಿದ್ದುದು ಚಿಕೋರಿ ಬೇರಿನಿಂದ ತೆಗೆಯುವ ಇನುಲಿನ್. ಅದು ನೀರಿನಲ್ಲಿ ಕರಗಿ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಬೇಗ ಆಹಾರವಾಗಿ, ವಾಯುವನ್ನು ಹುಟ್ಟಿಸುತ್ತದೆ. ಚಿಕ್ಕಮ್ಮನಿಗೆ ಹೊಟ್ಟೆ ಉಬ್ಬರಿಸಿತೇ ಹೊರತು ಬಾಧೆ ತಗ್ಗಲಿಲ್ಲ. ಇಸಬ್ಗೋಲಿನ ಹೊಟ್ಟು ಹಾಗಲ್ಲ, ನೀರು ಹೀರಿ ಲೋಳೆಯಾಗುತ್ತದೆ, ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ಜೀರ್ಣವಾಗದೆ ಕೊನೆಯವರೆಗೂ ಆ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆದುವಾಗಿಸುತ್ತದೆ. ದಿನವೂ ತೆಗೆದುಕೊಂಡರೆ ಕೆಟ್ಟ ಕೊಲೆಸ್ಟರಾಲನ್ನೂ ಸ್ವಲ್ಪ ಇಳಿಸುತ್ತದೆ.

ಹೀಗಾಗಿ ಇಸಬ್ಗೋಲಿನಂಥ ಪುಡಿಯೇ ಬೇಡವೆಂದು ನಾನು ಹೇಳಲಾರೆ. ಕಾಯಿಲೆಯ ನಂತರ ಚಿಕ್ಕಮ್ಮನ ಊಟ ಅರ್ಧ ಮುದ್ದೆಗೆ ಇಳಿದಿದೆ. ಅಂಥವರಿಗೆ, ಕಾಳು ಅಗಿಯಲಾಗದವರಿಗೆ, ವೈದ್ಯರು ಕೊಲೆಸ್ಟರಾಲಿಗೆಂದು ಸೂಚಿಸಿದವರಿಗೆ ಇಸಬ್ಗೋಲು ತಕ್ಕದ್ದೇ. ಅರ್ಧ ಟೀ ಚಮಚದಿಂದ ಆರಂಭಿಸಿ ಒಂದೆರಡು ವಾರದಲ್ಲಿ ಹೆಚ್ಚಿಸಬೇಕು. ಪ್ರತಿ ಸಲವೂ ದೊಡ್ಡ ಲೋಟದ ತುಂಬ ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು, ಇಲ್ಲವಾದರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟವಿರುವವರು ಮತ್ತು ಕರುಳು ಕಿರಿದಾದವರು ಇದನ್ನು ಮುಟ್ಟಬಾರದು. ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ. ಮಲದಲ್ಲಿ ರಕ್ತ ಕಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ಪುಡಿಯನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು.